ಫೋಟೊದ ಜಡೆಗೆ ಮಲ್ಲಿಗೆಯೋ ಕ್ಲಿಪ್ಪೋ: ಅಂಟಿಸಿದಂತೆ ಕಾಣದಿರಲು ಯಾವುದು, ಹೇಗೆ?

ಹಿಂದಿನಿಂದ ತೆಗೆದ ಒಂದು ಫೋಟೊ ಇದೆ ಅಂದುಕೊಳ್ಳಿ. ಕಪ್ಪು ಕೂದಲು, ಮೂರೆಳೆಯ ಬಿಗಿ ಜಡೆ, ಎಡಗಡೆಯ ಕಿಟಕಿಯಿಂದ ಬರುವ ಮೆತ್ತನೆಯ ಬೆಳಕು. ಜಡೆಯಲ್ಲಿ ಹೂವಿಲ್ಲ, ಕ್ಲಿಪ್ಪೂ ಇಲ್ಲ. ಈಗ ಕಂಪ್ಯೂಟರಿನಲ್ಲಿ ಏನಾದರೊಂದು ಸೇರಿಸಬೇಕು. ಮಲ್ಲಿಗೆ ದಂಡೆ ಒಳ್ಳೆಯದಾ, ಕ್ಲಿಪ್ಪಾ? ರೆಡಿ ಚಿತ್ರ ತಂದು ಅಂಟಿಸೋದಾ, ಬ್ರಶ್‌ನಲ್ಲಿ ಬರೆಯೋದಾ? ನೆರಳಿಗೆ ಸಾಫ್ಟ್‌ವೇರ್ ಕೊಡುವ Drop Shadow ಸಾಕಾ, ಕೈಯಲ್ಲೇ ಹಾಕಬೇಕಾ?

ಈ ಒಂದೇ ಫೋಟೊ ಇಟ್ಟುಕೊಂಡು ಮೂರನ್ನೂ ತೂಗಿ ನೋಡೋಣ. ನಾನು ಹೇಳುವುದು Photoshop ಹೆಸರುಗಳಲ್ಲಿ. GIMP, Krita ಬಳಸುವವರಿಗೆ ದಾರಿ ಬೇರೆಯಾಗುವ ಕಡೆ ಮಾತ್ರ ಅದನ್ನು ಹೇಳುತ್ತೇನೆ.

ಮೊದಲು ಅಳತೆ

ಯಾವುದನ್ನೇ ಆರಿಸಿ, ಮೊದಲು ಜಡೆಯ ಅಗಲ ಅಳೆಯಿರಿ. ನಮ್ಮ ಫೋಟೊದಲ್ಲಿ ಜಡೆ 300 ಪಿಕ್ಸೆಲ್ ಅಗಲ ಇದೆ. ದಪ್ಪ ಜಡೆ, ನಿಜದಲ್ಲಿ ಸುಮಾರು 5 ಸೆಂಟಿಮೀಟರ್ ಅಂತ ಹಿಡಿಯೋಣ. ಅಂದರೆ ಒಂದು ಸೆಂಟಿಮೀಟರಿಗೆ 60 ಪಿಕ್ಸೆಲ್. ತೊಟ್ಟು ಸೇರಿ 2 ಸೆಂಟಿಮೀಟರ್ ಉದ್ದದ ಮಲ್ಲಿಗೆ ಮೊಗ್ಗು ಇಲ್ಲಿ 120 ಪಿಕ್ಸೆಲ್ ಆಗಬೇಕು. ಎರಡೂ ಬದಿಗೆ ಮೊಗ್ಗು ಚಾಚಿದ ದಂಡೆ 180ರ ಆಸುಪಾಸು ಬರುತ್ತದೆ. 5 ಸೆಂಟಿಮೀಟರಿನ ಟಿಕ್‌ಟಿಕ್ ಕ್ಲಿಪ್ ಜಡೆಯಷ್ಟೇ ಅಗಲ.

ಈ ಲೆಕ್ಕ ಯಾಕೆ ಅಂದರೆ, ಹೂವು ಅಂಟಿಸಿದಂತೆ ಕಾಣುವುದಕ್ಕೆ ಎಷ್ಟೋ ಸಲ ನೆರಳು ಕಾರಣವೇ ಅಲ್ಲ. ಮೊಗ್ಗು ನಿಂಬೆಹಣ್ಣಿನ ಗಾತ್ರಕ್ಕೆ ಬಂದುಬಿಟ್ಟಿರುತ್ತದೆ. ಹಾಗಾದ ಮೇಲೆ ಎಷ್ಟು ನೆರಳು ಹಾಕಿದರೂ ಕಣ್ಣು ಒಪ್ಪುವುದಿಲ್ಲ.

ಕಪ್ಪು ಕೂದಲಿನ ಮೇಲೆ ನೆರಳು ಎಲ್ಲಿ ಕಾಣುತ್ತದೆ

ಇದೊಂದು ಅರ್ಥವಾದರೆ ಮುಂದಿನ ಆಯ್ಕೆಗಳೆಲ್ಲ ಸಲೀಸು. ಐಡ್ರಾಪರ್ ಹಿಡಿದು ಜಡೆಯ ಮೇಲೆ ಓಡಾಡಿಸಿ. ಎಳೆ ಎಳೆ ಸೇರುವ ಸಂದಿನಲ್ಲಿ ಬೆಳಕಿನ ಮಟ್ಟ 20ರ ಹತ್ತಿರ ಇರುತ್ತದೆ. ಅಳತೆ 0ಯಿಂದ 255ರವರೆಗೆ. ಪ್ರತಿ ಎಳೆಯ ಉಬ್ಬಿನ ಮೇಲೆ ಹೊಳಪಿನ ಪಟ್ಟಿಯೊಂದಿದೆಯಲ್ಲ, ಅಲ್ಲಿ 120 ಇರಬಹುದು.

ಈಗ ಇದರ ಮೇಲೆ ಶೇಕಡ 60ರ ಕಪ್ಪು ನೆರಳು ಹಾಕಿ. ಉಬ್ಬಿನ 120 ಇಳಿದು 48 ಆಗುತ್ತದೆ. ಸಂದಿನ 20 ಇಳಿದು 8 ಆಗುತ್ತದೆ. ಮೊದಲನೆಯದು ಎದ್ದು ಕಾಣುವ ಬದಲಾವಣೆ. ಎರಡನೆಯದು ಯಾರ ಕಣ್ಣಿಗೂ ಬೀಳುವುದಿಲ್ಲ. ಅಂದರೆ ಕಪ್ಪು ಕೂದಲಿನ ಮೇಲೆ ನೆರಳು ಅನ್ನುವುದು ಕಪ್ಪು ಸೇರಿಸುವ ಕೆಲಸಕ್ಕಿಂತ ಹೊಳಪು ಕಡಿಯುವ ಕೆಲಸ. ಹೂವಿನ ಪಕ್ಕದಲ್ಲಿ ಹೊಳಪಿನ ಪಟ್ಟಿ ಏನೂ ಆಗದ ಹಾಗೆ ಮುಂದುವರಿದರೆ, ಹೂವು ಗಾಳಿಯಲ್ಲಿ ತೇಲುತ್ತದೆ. ಪಟ್ಟಿ ಅಲ್ಲಿ ಮುರಿದರೆ, ಹೂವು ಕೂದಲಿನ ಮೇಲೆ ಕೂರುತ್ತದೆ. ಸುಮ್ನೆ ಸುತ್ತಲೂ ಮಬ್ಬು ಕಪ್ಪು ಹಚ್ಚುವವರು ಕೆಲಸವನ್ನು ತಪ್ಪು ಜಾಗದಲ್ಲಿ ಮಾಡುತ್ತಿರುತ್ತಾರೆ.

ಕಂದು ಕೂದಲು, ಬಿಳಿ ಬೆರೆತ ಕೂದಲು, ಹೆನ್ನಾ ಹಚ್ಚಿದ ಕೂದಲಿನಲ್ಲಿ ಇದು ಇಷ್ಟು ಕಟ್ಟುನಿಟ್ಟಲ್ಲ. ಅಲ್ಲಿ ಸಂದೂ ಸಾಕಷ್ಟು ತಿಳಿಯಾಗಿರುವುದರಿಂದ ನೆರಳಿನ ಪೂರ್ತಿ ಆಕಾರ ಕಾಣುತ್ತದೆ. ಹಾಗಾಗಿ ಆಕಾರದ ತಪ್ಪುಗಳೂ ಕಾಣುತ್ತವೆ.

ಹೂವು ಎಲ್ಲಿಂದ ತರುವುದು

ಮೂರು ದಾರಿ ಇವೆ. ಹಿನ್ನೆಲೆ ತೆಗೆದ ರೆಡಿ PNG ದಂಡೆ, ನೀವೇ ತೆಗೆದ ದಂಡೆಯ ಫೋಟೊ, ಬ್ರಶ್‌ನಲ್ಲಿ ಬರೆದ ಹೂವು.

ರೆಡಿ PNG ಎಲ್ಲಕ್ಕಿಂತ ಬೇಗ. ಆದರೆ ಅದರ ಜೊತೆ ಎರಡು ತೊಂದರೆ ಬರುತ್ತವೆ. ಬಹುತೇಕ ಚಿತ್ರಗಳಲ್ಲಿ ದಂಡೆ ಚಪ್ಪಟೆ ಮಲಗಿರುತ್ತದೆ, ಮೇಲಿನಿಂದ ಅಥವಾ ಎಲ್ಲ ಕಡೆಯಿಂದ ಒಂದೇ ಸಮ ಬೆಳಕು. ನಮ್ಮ ಫೋಟೊದಲ್ಲಿ ಬೆಳಕು ಎಡಗಡೆಯದು. ಪ್ರತಿ ಮೊಗ್ಗಿನ ಬಲಮಗ್ಗುಲು ಸ್ವಲ್ಪ ಮಂಕಾಗಿರಬೇಕು, ಈ ದಂಡೆಯಲ್ಲಿ ಆಗಿರುವುದಿಲ್ಲ. ಇನ್ನೊಂದು, ಬಿಳಿ ಹಿನ್ನೆಲೆಯಿಂದ ಕತ್ತರಿಸಿದ ಹೂವಿನ ಅಂಚಿನಲ್ಲಿ ಬಿಳಿ ಎಳೆ ಉಳಿದಿರುತ್ತದೆ. ಬಿಳಿ ಹಾಳೆಯ ಮೇಲೆ ಅದು ಕಾಣುವುದೇ ಇಲ್ಲ. ಕಪ್ಪು ಕೂದಲಿನ ಮೇಲೆ ಇಟ್ಟ ಕೂಡಲೇ ಹೂವಿನ ಸುತ್ತ ಸುಣ್ಣದ ಗೆರೆ ಎಳೆದ ಹಾಗೆ ಕಾಣುತ್ತದೆ. Layer ಮೆನುವಿನ Matting ಒಳಗಿನ Defringe ಒಂದೆರಡು ಪಿಕ್ಸೆಲ್ ಕೊಟ್ಟರೆ ಇದು ತಕ್ಕಮಟ್ಟಿಗೆ ಹೋಗುತ್ತದೆ. ಬೆಳಕಿನ ದಿಕ್ಕು ಮಾತ್ರ ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ.

ನನ್ನ ಕೈ ಮೊದಲು ಹೋಗುವುದು ಎರಡನೆಯ ದಾರಿಗೆ. ಒಂದು ತುಂಡು ದಂಡೆ ತನ್ನಿ. ಕಪ್ಪು ಬಟ್ಟೆಯನ್ನು ಜಡೆಯಷ್ಟೇ ದಪ್ಪಕ್ಕೆ ಸುರುಳಿ ಸುತ್ತಿ ನೆಟ್ಟಗೆ ನಿಲ್ಲಿಸಿ. ಅದರ ಮೇಲೆ ದಂಡೆಯನ್ನು ಬಳಸಿ ಪಿನ್ ಹಾಕಿ, ಎಡಗಡೆ ಕಿಟಕಿ ಇರುವ ಹಾಗೆ ಇಟ್ಟು ಅದೇ ಎತ್ತರದಿಂದ ಫೋಟೊ ತೆಗೆಯಿರಿ. ಇದರಿಂದ ಮೂರು ಕೆಲಸ ಒಟ್ಟಿಗೇ ಮುಗಿಯುತ್ತವೆ. ಬೆಳಕು ತಾನೇ ಸರಿಯಾಗಿ ಬೀಳುತ್ತದೆ. ದಂಡೆ ಜಡೆಯನ್ನು ಬಳಸಿ ಹಿಂದಕ್ಕೆ ಹೋಗುವ ಕಡೆ ಮೊಗ್ಗುಗಳು ತಾವಾಗಿ ಒತ್ತೊತ್ತಾಗಿ, ಸಣ್ಣದಾಗಿ ಕಾಣುತ್ತವೆ. ಹೂವಿನ ಅಂಚಿನಲ್ಲಿ ಬಿಳಿಯ ಬದಲು ಕಪ್ಪು ಬೆರೆತಿರುತ್ತದೆ, ಕೂದಲೂ ಕಪ್ಪೇ ಆದ್ದರಿಂದ ಕತ್ತರಿಸಿದ ಗುರುತು ಉಳಿಯುವುದಿಲ್ಲ. ಉಳಿದರೆ ಅದೇ Matting ಮೆನುವಿನಲ್ಲಿ Remove Black Matte ಇದೆ. ಹೂವು ಬಿಳಿ, ಬಟ್ಟೆ ಕಪ್ಪು, ಹಾಗಾಗಿ ಕತ್ತರಿಸುವ ಕೆಲಸವೂ ಹಗುರ. ಒಂದೇ ಎಚ್ಚರಿಕೆ: ಕ್ಯಾಮೆರಾ ಕಪ್ಪು ಬಟ್ಟೆ ನೋಡಿ ಬೆಳಕು ಜಾಸ್ತಿ ಮಾಡಿಕೊಳ್ಳುತ್ತದೆ, ಎಸಳುಗಳೆಲ್ಲ ಬರೀ ಬಿಳಿ ಮಚ್ಚೆ ಆಗುತ್ತವೆ. ಮೊಬೈಲಿನಲ್ಲಿ ಹೂವಿನ ಮೇಲೆ ಬೆರಳಿಟ್ಟು ಬೆಳಕನ್ನು ಕೆಳಕ್ಕೆ ಎಳೆದುಕೊಳ್ಳಿ. ಅತಿ ಬೆಳಕಿನ ಎಸಳು 235ರಿಂದ 240ರ ಒಳಗೆ ನಿಲ್ಲಬೇಕು.

ಬ್ರಶ್‌ನಲ್ಲಿ ಬರೆಯುವ ದಾರಿ ಡಿಜಿಟಲ್ ಪೇಂಟಿಂಗ್‌ಗೆ ಸರಿ, ಫೋಟೊಗೆ ಕಷ್ಟ. ಒಂದು ಮೊಗ್ಗು ಬರೆದು ಅದನ್ನೇ ಬ್ರಶ್ ಮಾಡಿ ಒತ್ತುತ್ತಾ ಹೋದರೆ ಎಲ್ಲ ಮೊಗ್ಗೂ ಅವಳಿಜವಳಿ ಆಗುತ್ತವೆ. ಕಣ್ಣು ಅದನ್ನು ಥಟ್ಟನೆ ಹಿಡಿಯುತ್ತದೆ. ಬರೆಯಲೇಬೇಕಾದರೆ ದಂಡೆಯ ಕಟ್ಟು ತಿಳಿದು ಬರೆಯಿರಿ. ಮೊಗ್ಗುಗಳನ್ನು ಜೋಡಿ ಜೋಡಿಯಾಗಿ, ತೊಟ್ಟು ಒಳಕ್ಕೆ, ಮುಖ ಎದುರು ಬದುರು ಇಟ್ಟು ನಾರಿನಲ್ಲಿ ಬಿಗಿದಿರುತ್ತಾರೆ. ಹಾಗಾಗಿ ದಂಡೆಯ ನಡುವೆ ತೊಟ್ಟುಗಳ ಹಸಿರು, ಅವುಗಳ ಸಂದಿನಲ್ಲಿ ಕತ್ತಲೆ. ಅಂಚುಗಳಲ್ಲಿ ಬಿಳಿ. ಈ ನಡುವಿನ ಕತ್ತಲೆ ಇಲ್ಲದ ದಂಡೆ ಬಿಳಿ ರಿಬ್ಬನ್ ಆಗಿಬಿಡುತ್ತದೆ. ನಾಲ್ಕೈದು ಬೇರೆ ಬೇರೆ ಮೊಗ್ಗು ಬರೆದು, ಪ್ರತಿ ಸಲ ಸ್ವಲ್ಪ ತಿರುಗಿಸಿ, ನಡುವೆ ಒಂದೆರಡು ಅರಳಿದ ಹೂವು ಇಟ್ಟರೆ ಚೆನ್ನಾಗಿರುತ್ತದೆ.

ದುಂಡು ಮಲ್ಲಿಗೆಯೋ, ಜಾಜಿಯೋ, ಕಾಕಡವೋ ಅನ್ನುವುದೂ ಕೆಲಸವನ್ನು ಬದಲಿಸುತ್ತದೆ. ದುಂಡು ಮೊಗ್ಗಿನ ಮೇಲೆ ಬೆಳಕಿನಿಂದ ಮಂಕಿಗೆ ಇಳಿಯುವುದು ಸ್ಪಷ್ಟವಾಗಿ ಕಾಣುತ್ತದೆ, ಆಳ ತೋರಿಸುವುದು ಸುಲಭ. ಜಾಜಿಯ ಮೊಗ್ಗು ಸಣಕಲು, ಹೊರಮೈಯಲ್ಲಿ ನಸುಗೆಂಪು. ಅದನ್ನು ಬರೀ ಬಿಳಿ ಮಾಡಿದರೆ ಜಾಜಿ ಅನ್ನಿಸುವುದೇ ಇಲ್ಲ.

ದಂಡೆಯನ್ನು ಜಡೆಯ ಮೇಲೆ ಕೂರಿಸುವುದು

ನಮ್ಮ ಫೋಟೊದಲ್ಲಿ ದಂಡೆ ಜಡೆಯ ಬುಡದಲ್ಲಿ ಕಮಾನಿನಂತೆ ಕೂತು, ಅದರ ಒಂದು ತುದಿ ಜಡೆಯ ಮೇಲೆ ಇಳಿಬಿದ್ದಿದೆ ಅಂತಿಟ್ಟುಕೊಳ್ಳೋಣ. ಕಮಾನಿನ ಎರಡು ಬದಿಗಳೂ ಕೂದಲಿನ ಹಿಂದೆ ಮರೆಯಾಗಬೇಕು, ಕತ್ತರಿಸಿದ ತುದಿ ಕಾಣಬಾರದು. ಇದಕ್ಕೆ ಹೂವಿನ ಲೇಯರಿಗೆ Layer Mask ಹಾಕಿ ಹಿಂದಕ್ಕೆ ಹೋಗುವ ಭಾಗವನ್ನು ಕಪ್ಪು ಬ್ರಶ್‌ನಲ್ಲಿ ಅಳಿಸಿ. ನಿಜಕ್ಕೂ ಅಳಿಸುವ ಇರೇಸರ್ ಬೇಡ. ಮಾಸ್ಕ್ ಆದರೆ ಬೇಕೆಂದಾಗ ವಾಪಸ್ ತರಬಹುದು.

ಇಳಿಬಿದ್ದ ತುದಿಯ ಕೆಲಸ ಹೆಚ್ಚು ನಾಜೂಕು. ಜಡೆ ಅಂದರೆ ಉಬ್ಬು, ಸಂದು, ಉಬ್ಬು, ಸಂದು. ದಂಡೆ ತೂಕಕ್ಕೆ ನೇರ ಜೋಲುತ್ತದೆ, ಪ್ರತಿ ಸಂದಿನ ಒಳಕ್ಕೂ ಇಳಿಯುವುದಿಲ್ಲ. ಉಬ್ಬಿನ ಮೇಲೆ ಕೂದಲಿಗೆ ತಾಗಿರುತ್ತದೆ, ಸಂದಿನ ಮೇಲೆ ಸೇತುವೆಯಾಗಿ ದಾಟುತ್ತದೆ. ತಾಗಿದ ಕಡೆ ನೆರಳು ಸಣ್ಣದು, ಗಾಢ, ಅಂಚು ಚೂಪು. ದಾಟಿದ ಕಡೆ ನೆರಳು ದೂರಕ್ಕೆ ಸರಿದು ಅಗಲವಾಗಿ, ಮೆತ್ತಗಾಗುತ್ತದೆ.

Drop Shadow ಸೋಲುವುದು ಇಲ್ಲೇ. ಅದು ಕೆಳಗಿರುವುದನ್ನೆಲ್ಲ ಚಪ್ಪಟೆ ಹಾಳೆ ಅಂತ ತಿಳಿಯುತ್ತದೆ. ಉಬ್ಬಿಗೂ ಸಂದಿಗೂ ಒಂದೇ ದೂರ, ಒಂದೇ ಮಬ್ಬು. ಆದರೂ ಅದನ್ನು ಪೂರ್ತಿ ಬಿಡಬೇಕಿಲ್ಲ. ಶುರುವಿಗೆ ಅದು ಒಳ್ಳೆಯ ಅಚ್ಚು. Angle ಅಂದರೆ ಬೆಳಕು ಬರುವ ದಿಕ್ಕು. ಕಿಟಕಿ ಎಡಕ್ಕೆ, ಸ್ವಲ್ಪ ಮೇಲಿದೆ, ಆದ್ದರಿಂದ 155ರ ಹತ್ತಿರ ಇಡಿ. Distance 25, Size 20, Opacity 60. ನಂತರ Layer ಮೆನುವಿನಲ್ಲಿ Layer Style ಒಳಗಿನ Create Layer ಒತ್ತಿದರೆ ನೆರಳು ಹೂವಿನಿಂದ ಬೇರೆಯಾಗಿ ತನ್ನದೇ ಲೇಯರ್ ಆಗುತ್ತದೆ. ಇನ್ನು ಅದು ನಿಮ್ಮ ಕೈಯಲ್ಲಿ. GIMP 2.10ರಲ್ಲಿ ಸಾದಾ Drop Shadow ಹೂವಿನ ಲೇಯರಿಗೇ ಸೇರಿಕೊಂಡುಬಿಡುತ್ತದೆ. ಅಲ್ಲಿ legacy ಎಂದು ಬರೆದಿರುವ Drop Shadow ಆರಿಸಿದರೆ ನೆರಳು ಬೇರೆ ಲೇಯರಿನಲ್ಲಿ ಬರುತ್ತದೆ.

ಬೇರೆ ಮಾಡಿದ ನೆರಳಿಗೆ ಮಾಸ್ಕ್ ಹಾಕಿ, ಪ್ರತಿ ಉಬ್ಬಿನ ತುದಿಯಲ್ಲಿ ಅದನ್ನು ಹೂವಿನ ಹತ್ತಿರಕ್ಕೆ ಸವರಿ ಕಿರಿದು ಮಾಡಿ. ಸಂದಿನಲ್ಲಿ ಹಾಗೇ ಬಿಡಿ. ಇದು ದೂರದ ನೆರಳು. ಈಗ ಅದರ ಮೇಲೆ, ಹೂವಿನ ಕೆಳಗೆ, ಹೊಸ ಲೇಯರ್ ತೆರೆದು ಅದರ ಬ್ಲೆಂಡ್ ಮೋಡ್ Multiply ಮಾಡಿ. 5 ಪಿಕ್ಸೆಲ್ ಬ್ರಶ್, ಕಡು ಕಂದು ಬಣ್ಣ. ಮೊಗ್ಗು ಕೂದಲಿಗೆ ತಾಗುವ ಜಾಗದಲ್ಲಿ ಮಾತ್ರ ಒಂದು ಸಣ್ಣ ಗೆರೆ. ಇದು ತಾಗು ನೆರಳು. ಬೆಳಕಿನ ಕಡೆಗೂ, ಅಂದರೆ ಎಡಕ್ಕೂ, ಇದು ಕೂದಲೆಳೆಯಷ್ಟು ಇರುತ್ತದೆ. ದೂರದ ನೆರಳು ಬಲಗಡೆ ಮಾತ್ರ. ಎರಡರಲ್ಲಿ ಒಂದನ್ನೇ ಹಾಕಲು ಸಮಯ ಇದ್ದರೆ ನಾನು ತಾಗು ನೆರಳನ್ನೇ ಹಾಕುತ್ತೇನೆ. ಹೂವಿಗೆ ತೂಕ ಕೊಡುವುದು ಅದೇ.

ಒಂದು ಸಣ್ಣ ಮಾತು. ನೆರಳಿಗೆ Multiply ಇಡಬೇಕು, Normal ಇಡಬಾರದು ಅಂತ ಎಲ್ಲರೂ ಹೇಳುತ್ತಾರೆ. ಬಣ್ಣ ಶುದ್ಧ ಕಪ್ಪು ಆಗಿದ್ದರೆ ಎರಡರ ಫಲವೂ ಒಂದೇ. ಬಣ್ಣದ ನೆರಳು ಹಾಕುವಾಗ ಮಾತ್ರ ವ್ಯತ್ಯಾಸ ಬರುತ್ತದೆ. ಕಂದು ಬಣ್ಣವನ್ನು Normal ಇಟ್ಟು ಹಚ್ಚಿದರೆ ಸಂದಿನ ಕತ್ತಲೆಯ ಮೇಲೆ ಅದು ಮಣ್ಣಿನ ಮಬ್ಬಾಗಿ ಕೂರುತ್ತದೆ, ಆಳ ಹೆಚ್ಚುವ ಬದಲು ಕಡಿಮೆ ಆಗುತ್ತದೆ.

ಇಷ್ಟಾದ ಮೇಲೆ ಹೊಳಪಿನ ಪಟ್ಟಿಗಳನ್ನು ನೋಡಿ. ದಂಡೆಯ ಬಲಕ್ಕೆ ಅಂಟಿಕೊಂಡೇ ಯಾವುದಾದರೂ ಉಬ್ಬು ಇನ್ನೂ ಫಳಫಳ ಹೊಳೆಯುತ್ತಿದೆಯಾ? ಅಲ್ಲಿಗೆ ಮಾತ್ರ ಇನ್ನೊಂದು ಪದರ ನೆರಳು ಕೊಡಿ. ಮೇಲೆ ಹೇಳಿದ ಲೆಕ್ಕದ ಪ್ರಕಾರ 120 ಇದ್ದದ್ದು 50ಕ್ಕಿಂತ ಕೆಳಗೆ ಬಂದರೆ ಸಾಕು.

ಹೂವಿನ ಮೈಮೇಲಿನ ನೆರಳು, ಅದರ ಮೇಲಿನ ಕೂದಲು

ಕೂದಲಿನ ಮೇಲೆ ಬೀಳುವ ನೆರಳಿಗಿಂತ ಹೂವು ಹೂವಿನ ಮೇಲೆ ಹಾಕುವ ನೆರಳು ಹೆಚ್ಚು ಕಾಣುತ್ತದೆ, ಯಾಕೆಂದರೆ ಬಿಳಿಯ ಮೇಲೆ ಏನೂ ಅಡಗುವುದಿಲ್ಲ. ಇಲ್ಲಿ ಕಪ್ಪು ಮುಟ್ಟಲೇಬೇಡಿ. ಮಲ್ಲಿಗೆಯ ಎಸಳು ತೆಳು, ಬೆಳಕು ಅದರೊಳಗೆ ಹಾದು ಬರುತ್ತದೆ. ಅದರ ಮಂಕು ಭಾಗ ಬೂದಿ ಬಣ್ಣಕ್ಕಿಂತ ತಿಳಿ ಹಸಿರು ಬೆರೆತ ಬಿಳಿ. ಹೂವಿನ ಮೇಲೆ ಹೊಸ ಲೇಯರ್, ಬಣ್ಣ ಹೂವಿನಾಚೆ ಹೋಗದ ಹಾಗೆ Clipping Mask, ಮೋಡ್ Multiply. ಬಣ್ಣ ಮಂದ ಹಸಿರು ಬೂದು, ಉದಾಹರಣೆಗೆ `#b4b8a4`. ಮೊಗ್ಗಿನ ಬಲಮಗ್ಗುಲಿಗೆ ಮೆತ್ತನೆಯ ಬ್ರಶ್‌ನಲ್ಲಿ ಒಂದು ಸಲ. ತೊಟ್ಟುಗಳ ಸಂದಿಗೆ ಅದೇ ಬಣ್ಣದ ಇನ್ನೂ ಗಾಢ ಛಾಯೆಯಲ್ಲಿ ಎರಡು ಮೂರು ಸಲ. Krita ಬಳಸುವವರಿಗೆ ಇದೇ ಕೆಲಸಕ್ಕೆ ಗ್ರೂಪಿನೊಳಗೆ Inherit Alpha ಇದೆ. ಬೆಳಕಿನ ಎಸಳು 235 ಇದ್ದರೆ ಮಂಕು ಮಗ್ಗುಲು 160ರ ಹತ್ತಿರ, ಸಂದು 70ರ ಹತ್ತಿರ ಇರಲಿ. ಈ ಮೂರು ಮಟ್ಟ ಸಿಕ್ಕಿದರೆ ದಂಡೆ ದುಂಡಗಾಗುತ್ತದೆ. ನೀವೇ ಕಿಟಕಿ ಬೆಳಕಿನಲ್ಲಿ ಫೋಟೊ ತೆಗೆದಿದ್ದರೆ ಇದರಲ್ಲಿ ಮುಕ್ಕಾಲು ಪಾಲು ಮೊದಲೇ ಇರುತ್ತದೆ.

ಕೊನೆಗೆ ಕೂದಲು. ನಿಜವಾದ ಮುಡಿಯಲ್ಲಿ ನಾಲ್ಕಾರು ಕೂದಲು ಹೂವಿನ ಮೇಲೆ ಬಿದ್ದೇ ಇರುತ್ತವೆ. ಒಂದು ಕೂದಲಿನ ದಪ್ಪ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ, ನಮ್ಮ ಲೆಕ್ಕದಲ್ಲಿ ಒಂದು ಪಿಕ್ಸೆಲ್ಲೂ ಬರುವುದಿಲ್ಲ. ಕಣ್ಣಿಗೆ ಕಾಣುವುದು ಎರಡು ಮೂರು ಕೂದಲು ಸೇರಿದ ಎಳೆ. ಹಾಗಾಗಿ 2 ಪಿಕ್ಸೆಲ್ ಬ್ರಶ್, Opacity 60. ಹೂವಿನ ಮಾಸ್ಕ್ ಮೇಲೆ ಕಪ್ಪಿನಲ್ಲಿ ಒಂದೇ ಬೀಸಿಗೆ ಗೆರೆ ಎಳೆಯಿರಿ. ಮಾಸ್ಕ್ ಮೇಲೆ ಎಳೆದರೆ ಲಾಭ ಏನೆಂದರೆ, ಕೆಳಗಿನ ನಿಜ ಕೂದಲಿನ ಬಣ್ಣವೇ ಇಣುಕುತ್ತದೆ, ಬಣ್ಣ ಹುಡುಕುವ ಕಷ್ಟ ಇಲ್ಲ. ಗೆರೆ ಸುತ್ತಮುತ್ತಲ ಕೂದಲು ಹರಿಯುವ ದಿಕ್ಕಿನಲ್ಲೇ ಇರಲಿ, ಹೂವಿನ ಆಚೆ ಈಚೆ ಇರುವ ಎಳೆಗೆ ಕೂಡಿಕೊಳ್ಳಲಿ. ಬುಡದ ಕಮಾನಿನ ಮೇಲೆ ಮೂರು ನಾಲ್ಕು ಎಳೆ ಸಾಕು. ಹತ್ತು ಹದಿನೈದು ಎಳೆದರೆ ಹೂವು ಬಲೆಯಲ್ಲಿ ಸಿಕ್ಕಿಕೊಂಡ ಹಾಗಾಗುತ್ತದೆ.

ಕ್ಲಿಪ್ ಸುಲಭ ಅನ್ನಿಸುತ್ತದೆ, ಆದರೆ

ಒಂದೇ ವಸ್ತು, ಗಟ್ಟಿ ಅಂಚು, ಕತ್ತರಿಸಲು ಎರಡು ನಿಮಿಷ. ಆದ್ದರಿಂದ ಹೊಸಬರು ಮೊದಲು ಕ್ಲಿಪ್ ಹಿಡಿಯುತ್ತಾರೆ. ದೊಡ್ಡ ಫೋಟೊದಲ್ಲಿ ನನ್ನ ಪ್ರಕಾರ ಕ್ಲಿಪ್ಪೇ ಹೆಚ್ಚು ಕಷ್ಟ.

ಕಾರಣ ನೆರಳಲ್ಲ, ಕೂದಲು. ಹೂವು ಕೂದಲಿನ ಮೇಲೆ ಕೂರುತ್ತದೆ, ಕೂದಲು ಇದ್ದ ಹಾಗೇ ಇರುತ್ತದೆ. ಕ್ಲಿಪ್ ಕೂದಲನ್ನು ಹಿಡಿಯುತ್ತದೆ. ಹಿಡಿದ ಕಡೆ ಕೂದಲು ಒತ್ತಿಕೊಂಡು ಎರಡೂ ಪಕ್ಕ ಸ್ವಲ್ಪ ಉಬ್ಬಬೇಕು, ಎಳೆಗಳು ಕ್ಲಿಪ್ಪಿನ ಕಡೆಗೆ ಒಟ್ಟುಗೂಡಬೇಕು. ಇದು ಆಗದಿದ್ದರೆ ನೆರಳು ಎಷ್ಟೇ ಚೆನ್ನಾಗಿದ್ದರೂ ಕ್ಲಿಪ್ ಸ್ಟಿಕ್ಕರ್ ಥರ ಕಾಣುತ್ತದೆ. ಅದಕ್ಕೆ ಕ್ಲಿಪ್ ಇಡುವ ಮೊದಲೇ ಕೂದಲಿನ ಲೇಯರನ್ನು ನಕಲು ಮಾಡಿ Liquify ತೆರೆಯಿರಿ. ದೊಡ್ಡ ಬ್ರಶ್, ಕಡಿಮೆ Pressure. ಕ್ಲಿಪ್ ಬರುವ ಗೆರೆಯ ಕಡೆಗೆ ಎರಡೂ ಬದಿಯ ಕೂದಲನ್ನು 5 ರಿಂದ 8 ಪಿಕ್ಸೆಲ್ ತಳ್ಳಿ. ಜಾಸ್ತಿ ತಳ್ಳಿದರೆ ಎಳೆಗಳು ಕರಗಿ ಮೇಣದ ಹಾಗಾಗುತ್ತವೆ. ಕೂದಲಿನ ಸಣ್ಣ ಗೆರೆಗಳು ಮಾಯವಾಗತೊಡಗಿದರೆ ಅಲ್ಲಿಗೆ ನಿಲ್ಲಿಸಿ.

ನೆರಳು ಮಾತ್ರ ಇಲ್ಲಿ ಸರಳ. ಟಿಕ್‌ಟಿಕ್ ಕ್ಲಿಪ್ ಕೂದಲಿಗೆ ಒತ್ತಿಕೊಂಡೇ ಇರುವುದರಿಂದ ದೂರದ ನೆರಳು ಇಲ್ಲವೇ ಇಲ್ಲ ಅನ್ನಬಹುದು. ಬಲಗಡೆ 3 ಪಿಕ್ಸೆಲ್ಲಿನ ಗಾಢ ಗೆರೆ ಸಾಕು. ಇಂಥ ಕಡೆ Drop Shadow ಕೂಡ ಮೋಸ ಮಾಡುವುದಿಲ್ಲ: Distance 3, Size 4. ಹಲ್ಲಿರುವ ದೊಡ್ಡ ಕ್ಲಚ್ ಕ್ಲಿಪ್ ಆದರೆ ಕಥೆ ಬೇರೆ. ಅದರ ಕಮಾನು ಕೂದಲಿನಿಂದ ಎದ್ದಿರುತ್ತದೆ, ಹಲ್ಲಿನ ತುದಿ ಕೂದಲೊಳಗೆ ಹೋಗಿರುತ್ತದೆ. ಪ್ರತಿ ಹಲ್ಲಿನ ತುದಿಯನ್ನೂ ಮಾಸ್ಕ್‌ನಲ್ಲಿ ಕೂದಲಿನ ಕೆಳಗೆ ಮರೆಸಬೇಕು, ಕಮಾನಿಗೆ ದೂರದ ನೆರಳು ಕೊಡಬೇಕು. ಆ ಶ್ರಮ ಹಾಕುವ ಬದಲು ದಂಡೆ ಇಡುವುದೇ ವಾಸಿ.

ಇನ್ನೊಂದು ಕ್ಲಿಪ್ಪಿನ ಹೊಳಪು. ಲೋಹ ತನ್ನ ಸುತ್ತ ಇರುವುದನ್ನು ತೋರಿಸುತ್ತದೆ. ಬಿಳಿ ಮೇಜಿನ ಮೇಲೆ ಇಟ್ಟು ತೆಗೆದ ಬಂಗಾರದ ಬಣ್ಣದ ಕ್ಲಿಪ್ಪಿನ ಮೈತುಂಬ ಬಿಳಿ ಪ್ರತಿಬಿಂಬ ಇರುತ್ತದೆ. ಕಪ್ಪು ಕೂದಲಿನಲ್ಲಿ ಅದು ಅರ್ಧಕ್ಕರ್ಧ ಕಪ್ಪಾಗಿರಬೇಕಿತ್ತು. ಕೂದಲಿಗೆ ಹತ್ತಿರದ ಅಂಚುಗಳನ್ನು Clipping Mask ಮಾಡಿದ Multiply ಲೇಯರಿನಲ್ಲಿ ಕಡು ಕಂದು ಮಾಡಿ, ಎಡಗಡೆ ಒಂದೇ ಒಂದು ಚೂಪು ಹೊಳಪು ಉಳಿಸಿ. ಹೊಳಪಿಲ್ಲದ ಪ್ಲಾಸ್ಟಿಕ್ ಅಥವಾ ಬಟ್ಟೆ ಸುತ್ತಿದ ಕ್ಲಿಪ್ ಆರಿಸಿದರೆ ಈ ತಲೆನೋವೇ ಇಲ್ಲ.

ಯಾವ ಫೋಟೊಗೆ ಯಾವುದು

ಜಡೆ 200 ಪಿಕ್ಸೆಲ್ಲಿಗಿಂತ ಅಗಲ ಇದ್ದು, ಬೆಳಕು ಒಂದು ಕಡೆಯಿಂದ ಬಂದಿದ್ದರೆ ಮಲ್ಲಿಗೆ ಆರಿಸಿ, ದಂಡೆಯ ಫೋಟೊ ನೀವೇ ತೆಗೆಯಿರಿ, ನೆರಳು ಕೈಯಲ್ಲಿ ಹಾಕಿ. ಮೊಗ್ಗುಗಳ ಗುಂಪು ಸಣ್ಣಪುಟ್ಟ ತಪ್ಪುಗಳನ್ನು ನುಂಗಿಕೊಳ್ಳುತ್ತದೆ. ಕ್ಲಿಪ್ಪಿನ ನಯವಾದ ಮೈ ಒಂದನ್ನೂ ನುಂಗುವುದಿಲ್ಲ.

ಗುಂಪು ಫೋಟೊದಲ್ಲಿ ಜಡೆ 60 ಪಿಕ್ಸೆಲ್ ಇದ್ದರೆ ಲೆಕ್ಕ ತಿರುಗುತ್ತದೆ. ಅಲ್ಲಿ ಮೊಗ್ಗು 25 ಪಿಕ್ಸೆಲ್ಲೂ ಬರುವುದಿಲ್ಲ, ಮೂರು ಮಟ್ಟದ ನೆರಳು ತೋರಿಸಲು ಜಾಗವೇ ಇಲ್ಲ. ರೆಡಿ PNG, ಇಲ್ಲವೇ ಹೊಳಪಿಲ್ಲದ ಸಾದಾ ಕ್ಲಿಪ್, ಜೊತೆಗೆ ಸಣ್ಣ Drop Shadow. ಇಷ್ಟು ಸಾಕು, ಯಾರಿಗೂ ಗೊತ್ತಾಗುವುದಿಲ್ಲ.

ಜಡೆ ಸಡಿಲವಾಗಿ, ಕೂದಲು ಕೆದರಿಕೊಂಡಿದ್ದರೆ ಮಲ್ಲಿಗೆಗೇ ಹೋಗಿ. ಕೆದರಿದ ಎಳೆಗಳು ಹೂವಿನ ಅಂಚನ್ನು ಮರೆಸುತ್ತವೆ. ಎಣ್ಣೆ ಹಾಕಿ ಬಿಗಿಯಾಗಿ ಬಾಚಿದ ಜಡೆಯಲ್ಲಿ ಹೊಳಪಿನ ಪಟ್ಟಿಗಳು ಚೂಪಾಗಿರುತ್ತವೆ, ಅವನ್ನು ಕಡಿಯುವ ಕೆಲಸ ಹೆಚ್ಚು. ಆದರೆ ಕ್ಲಿಪ್ ಇಡಲು ಅದೇ ಅನುಕೂಲ, ಕೂದಲು ಮೊದಲೇ ಒತ್ತಿಕೊಂಡಿರುವುದರಿಂದ Liquify ಕೆಲಸ ಬಹಳ ಕಡಿಮೆ.

ಕ್ಯಾಮೆರಾದ ಫ್ಲ್ಯಾಶ್‌ನಲ್ಲಿ ನೇರ ಹಿಂದಿನಿಂದ ತೆಗೆದ ಫೋಟೊ ಆದರೆ ದೂರದ ನೆರಳು ಹಾಕಲೇಬೇಡಿ. ಬೆಳಕು ಲೆನ್ಸಿನ ಪಕ್ಕದಿಂದಲೇ ಬಂದಿದೆ, ನೆರಳು ವಸ್ತುವಿನ ಹಿಂದೆಯೇ ಅಡಗಿದೆ. ಅಂಚಿನಲ್ಲಿ ಒಂದು ತೆಳು ಗೆರೆ ಉಳಿದಿರುತ್ತದೆ ಅಷ್ಟೇ. ಫೋನನ್ನು ಅಡ್ಡ ಹಿಡಿದಿದ್ದರೆ ಆ ಗೆರೆ ಯಾವ ಕಡೆ ಬಿದ್ದಿದೆ ಅಂತ ಕುತ್ತಿಗೆಯ ಸರ, ಕಿವಿಯ ಓಲೆಯ ಪಕ್ಕ ನೋಡಿ ತಿಳಿದುಕೊಳ್ಳಿ.

ಯಾವುದನ್ನೇ ಮಾಡಿದರೂ ಮುಗಿಸುವ ಮುಂಚೆ ಎಲ್ಲದರ ಮೇಲೆ Black & White ಲೇಯರ್ ಒಂದನ್ನು ಸ್ವಲ್ಪ ಹೊತ್ತು ಇಟ್ಟು ನೋಡಿ. ಬಣ್ಣ ಹೋದ ಮೇಲೆ ಹೂವು ಚಿತ್ರದ ಅತಿ ಬಿಳಿ ಜಾಗವಾಗಿ ಕಿರುಚುತ್ತಿದ್ದರೆ Curves ಹಿಡಿದು ಇಳಿಸಿ. ಅದೇ ಫೋಟೊದಲ್ಲಿ ಬಿಳಿ ಬಟ್ಟೆಯೋ ಗೋಡೆಯೋ ಇದ್ದರೆ ಅದೇ ಅಳತೆಗೋಲು, ಅದೇ ಬೆಳಕಿನಲ್ಲಿರುವ ಮಲ್ಲಿಗೆ ಅದಕ್ಕಿಂತ ಬಿಳಿಯಾಗಿರಬೇಕಿಲ್ಲ. ಆಮೇಲೆ 100 ಪರ್ಸೆಂಟ್ ಜೂಮ್‌ನಲ್ಲಿ ಕೂದಲಿನ ಕಾಳುಕಾಳು ಗ್ರೇನ್ ನೋಡಿ. ಸಂಜೆ ಬೆಳಕಿನ ಮೊಬೈಲ್ ಫೋಟೊದಲ್ಲಿ ಕೂದಲು ಕಾಳುಕಾಳಾಗಿದ್ದು ಹೂವು ಗಾಜಿನಷ್ಟು ನಯವಾಗಿರುತ್ತದೆ. ಹೂವಿಗೆ Gaussian Blur ಅರ್ಧ ಪಿಕ್ಸೆಲ್, ನಂತರ Add Noise 2 ಅಥವಾ 3 ಪರ್ಸೆಂಟ್ ಕೊಡಿ. Monochromatic ಟಿಕ್ ಆಗಿರಲಿ, ಇಲ್ಲದಿದ್ದರೆ ಬಿಳಿ ಎಸಳಿನ ಮೇಲೆ ಕೆಂಪು ಹಸಿರು ಚುಕ್ಕೆಗಳು ಎದ್ದು ಕಾಣುತ್ತವೆ.